50ರ ಟ್ಯಾಪ್‌ನಲ್ಲಿ ಏಳದ 150 ಎಚ್‌ಪಿ ಮೋಟಾರು

ಘಟಪ್ರಭಾ ದಂಡೆಯಲ್ಲಿ, ಮುಧೋಳದ ಕಡೆ, ರೈತರು ಕೂಡಿ ನಡೆಸುವ ಒಂದು ಏತ ನೀರಾವರಿ ಇದೆ. ದಂಡೆಯ ಪಂಪ್ ಬಾವಿ, ಅಂದರೆ ಜಾಕ್‌ವೆಲ್‌ನಲ್ಲಿ ಎರಡು ಪಂಪ್. ದೊಡ್ಡದು 150 ಎಚ್‌ಪಿ, ಅಂದರೆ 110 ಕಿಲೋವ್ಯಾಟ್. ಚಿಕ್ಕದು 75 ಎಚ್‌ಪಿ. ಎರಡಕ್ಕೂ ಸೇರಿ 250 ಕೆವಿಎ ಟಿಸಿ ಒಂದೇ. ದೊಡ್ಡ ಮೋಟಾರಿನ ಸ್ಟಾರ್ಟರ್ ಹಿಡಿಕೆ ಸಿಕ್ಕಿಕೊಂಡಿದೆ, ಬಂದು ನೋಡಿ ಅಂತ ಜನವರಿ ಮೊದಲ ವಾರ ಫೋನ್ ಬಂತು. ಎರಡು ದಿನದ ಕೆಲಸ ಅಂದುಕೊಂಡು ಹೋದವನು ಎರಡು ವಾರ ಓಡಾಡಿದೆ. ಆ ಎರಡು ವಾರದ ಲೆಕ್ಕ ಇದು.

ಜನವರಿ 8: ಹಳೆಯ ಡಬ್ಬಿ ಬಿಚ್ಚಿದ್ದು

ಇದ್ದದ್ದು ಎಣ್ಣೆ ತುಂಬಿದ, ಕೈಯಿಂದ ಎಳೆಯುವ ಆಟೋ ಟ್ರಾನ್ಸ್‌ಫಾರ್ಮರ್ ಸ್ಟಾರ್ಟರ್. ಏಳುವಾಗ ಮಾತ್ರ ಮೋಟಾರಿಗೆ ಕಡಿಮೆ ವೋಲ್ಟೇಜ್ ಕೊಡುವುದು ಅದರ ಕೆಲಸ. ಹಿಡಿಕೆ ಮೊದಲು ಸ್ಟಾರ್ಟ್ ಕಡೆ, ಮೋಟಾರು ವೇಗ ಹಿಡಿದ ಮೇಲೆ ರನ್ ಕಡೆ. ಎಣ್ಣೆ ಟ್ಯಾಂಕ್ ಇಳಿಸಿದರೆ ಒಳಗೆ ಕಪ್ಪು ಕೆಸರು. ರನ್ ಕಡೆಯ ಕಾಂಟ್ಯಾಕ್ಟ್‌ಗಳ ತುದಿ ಇಲಿ ಕಡಿದ ಹಾಗೆ ಆಗಿತ್ತು, ಒಂದು ಅಂಟಿಕೊಂಡೇ ಇತ್ತು. ನಡುವಿನ ಫೇಸ್‌ನ ಸುರುಳಿಯಲ್ಲಿ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿದ್ದವು. ರಿಪೇರಿ ಮಾಡುವ ಮಾತೇ ಇರಲಿಲ್ಲ.

ಆದರೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರೂ ಫೇಸ್‌ನ ವೈರು 80ರ ಟ್ಯಾಪ್‌ಗೆ, ಅಂದರೆ ಸಪ್ಲೈ ವೋಲ್ಟೇಜಿನ ಶೇ 80 ಸಿಗುವ ಸುರುಳಿಯ ತುದಿಗೆ, ಕಟ್ಟಿತ್ತು. ಪಂಪ್ ನೋಡಿಕೊಳ್ಳುವ ಕಾಕಾ ಹೇಳಿದರು: "ದೊಡ್ಡದನ್ನ ಎಬ್ಬಸೂ ಮುಂದ ಸಣ್ಣದನ್ನ ಬಂದ್ ಮಾಡತೇವಿ ತಮ್ಮಾ. ಇಲ್ಲಾಂದ್ರ ಅದು ತಾನ ಬಂದ್ ಆಗತೈತಿ." ವರ್ಷಗಟ್ಟಲೆ ಅವರ ರೂಢಿ ಅದು. ಚಿಕ್ಕ ಪಂಪಿಗೆ ಅಂಡರ್ ವೋಲ್ಟೇಜ್ ರಿಲೇ ಇದೆ, 350 ವೋಲ್ಟ್‌ಗೆ ಕೂರಿಸಿದ್ದಾರೆ. ದೊಡ್ಡದು ಏಳುವಾಗ ವೋಲ್ಟೇಜ್ ಕುಸಿದು ಚಿಕ್ಕದು ಟ್ರಿಪ್ ಆಗುತ್ತಿತ್ತು. ಹೊಸದರಲ್ಲಿ ಈ ತೊಂದರೆ ಇರಬಾರದು ಅಂತ ಕಮಿಟಿಯವರು ಹೇಳಿದರು. ನಾನು ತಲೆಯಾಡಿಸಿದೆ. ಮುಂದಿನ ತಪ್ಪಿಗೆಲ್ಲ ಮೂಲ ಅದೇ.

ಇನ್ನೊಂದು ಥರದ ಸ್ಟಾರ್ಟರ್ ಆದ ಸ್ಟಾರ್ ಡೆಲ್ಟಾ ಯಾಕೆ ಬೇಡ ಅಂದರೆ, ಪ್ಯಾನೆಲ್‌ನಿಂದ ಜಾಕ್‌ವೆಲ್‌ಗೆ 60 ಮೀಟರ್, ಇಳಿದಿರುವುದು ಒಂದೇ ಕೇಬಲ್. ಮೋಟಾರಿನ ಡಬ್ಬಿಯಲ್ಲೇ ಡೆಲ್ಟಾ ಪಟ್ಟಿ ಹಾಕಿ ಮೂರು ತುದಿ ಮಾತ್ರ ಮೇಲೆ ತಂದಿದ್ದಾರೆ. ಸ್ಟಾರ್ ಡೆಲ್ಟಾಗೆ ಆರು ಬೇಕು, ಇನ್ನೊಂದು ದಪ್ಪ ಕೇಬಲ್ ಎಳೆಯಬೇಕು. ಅಲ್ಲದೆ ಅದರಲ್ಲಿ ಟಾರ್ಕ್, ಅಂದರೆ ತಿರುಗಿಸುವ ಬಲ, ಮೂರನೇ ಒಂದು ಭಾಗ ಅಂತ ಕಟ್ಟಾಗಿಬಿಡುತ್ತದೆ, ಸಾಲದಿದ್ದರೆ ಬದಲಾಯಿಸುವ ದಾರಿ ಇಲ್ಲ. ಎಲೆಕ್ಟ್ರಾನಿಕ್ ಕಾರ್ಡಿನ ಸಾಫ್ಟ್ ಸ್ಟಾರ್ಟರ್ ಮಾತೂ ಬಂತು. ಸಿಡಿಲು ಬಡಿದು ಕಾರ್ಡ್ ಹೋದರೆ ಬೇಸಿಗೆಯಲ್ಲಿ ಹದಿನೈದು ದಿನ ನೀರಿಲ್ಲ ಅಂತ ಕಮಿಟಿಯವರೇ ಬೇಡ ಅಂದರು.

ಜನವರಿ 9: ಲೆಕ್ಕ

ಮೋಟಾರಿನ ಪಟ್ಟಿಯಲ್ಲಿ 415 ವೋಲ್ಟ್, 190 ಆಂಪ್, 1485 ಆರ್‌ಪಿಎಂ. ಕ್ಯಾಟಲಾಗ್ ಪ್ರಕಾರ ನೇರವಾಗಿ ಹಾಕಿದರೆ ಆರೂವರೆ ಪಟ್ಟು ಕರೆಂಟ್, ಅಂದರೆ 1,235 ಆಂಪ್. ನಿಂತಲ್ಲಿಂದ ಏಳುವ ಟಾರ್ಕ್ ಪೂರ್ಣ ಲೋಡಿನ 1.8 ಪಟ್ಟು. ಏಳುವ ದಾರಿಯಲ್ಲಿ ಸಿಗುವ ಅತಿ ಹೆಚ್ಚಿನ ಟಾರ್ಕ್ ಎರಡೂವರೆ ಪಟ್ಟು. ಈ ಕೊನೆಯ ಅಂಕಿಯನ್ನು ನಾನು ಅವತ್ತು ನೋಡಿದೆ, ಬರೆದುಕೊಳ್ಳಲಿಲ್ಲ.

ಟ್ಯಾಪ್ ಲೆಕ್ಕ ಇಷ್ಟೇ. k ಅಂದರೆ ಟ್ಯಾಪ್, 65 ಆದರೆ 0.65. DOL ಅಂದರೆ ನೇರವಾಗಿ ಹಾಕಿದಾಗಿನ ಅಂಕಿ.

```
I_line = k² × I_DOL
T      = k² × T_DOL
```

ಮೋಟಾರಿಗೆ ಸಿಗುವ ವೋಲ್ಟೇಜ್ k ಪಟ್ಟು, ಹಾಗಾಗಿ ಮೋಟಾರಿನ ಕರೆಂಟ್ ಕೂಡ k ಪಟ್ಟು ಇಳಿಯುತ್ತದೆ. ಆ ಕರೆಂಟ್ ಟ್ರಾನ್ಸ್‌ಫಾರ್ಮರ್ ಮೂಲಕ ಲೈನ್ ಕಡೆಗೆ ಹೋಗುವಾಗ ಇನ್ನೊಮ್ಮೆ k ಪಟ್ಟು ಇಳಿಯುತ್ತದೆ. ಹಾಗೆ ವರ್ಗ ಬಂತು. ಟಾರ್ಕ್ ಇಳಿಯುವುದು ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ. ಎರಡೂ ಒಂದೇ ಅಳತೆಯಲ್ಲಿ ಇಳಿಯುತ್ತವೆ, ಅದೇ ಇದರ ಗುಣ.

ನಮ್ಮ ಮೋಟಾರಿಗೆ 80ರ ಟ್ಯಾಪ್‌ನಲ್ಲಿ ಲೈನ್ ಕರೆಂಟ್ 790 ಆಂಪ್. 65ರಲ್ಲಿ 522. 50ರಲ್ಲಿ 309. ಟಾರ್ಕ್ ಕ್ರಮವಾಗಿ ಶೇ 64, 42, 25ಕ್ಕೆ ಇಳಿಯುತ್ತದೆ. 250 ಕೆವಿಎ ಟಿಸಿಯ ಪೂರ್ಣ ಕರೆಂಟೇ 333 ಆಂಪ್. 309 ನೋಡಿ ನನಗೆ ಖುಷಿಯೋ ಖುಷಿ. ಪಂಪ್ ತಾನೇ, ನಿಂತಾಗ ಭಾರ ಏನೂ ಇರಲ್ಲ, 50 ಸಾಕು ಅಂತ ನಿರ್ಧಾರ ಮಾಡಿದೆ. ಪುಣ್ಯಕ್ಕೆ ಸುರುಳಿ ಸುತ್ತುವವರಿಗೆ ಮೂರೂ ಟ್ಯಾಪ್ ತೆಗೆಯಲು ಹೇಳಿದ್ದೆ.

ಜನವರಿ 17: ಪ್ಯಾನೆಲ್ ಕಟ್ಟಿದ್ದು

ಟ್ರಾನ್ಸ್‌ಫಾರ್ಮರ್ ಬಂತು. ಎಣ್ಣೆ ಇಲ್ಲದ್ದು, ತಾಮ್ರದ ಸುರುಳಿ, ಒಳಗೆ ಬಿಸಿ ಹೆಚ್ಚಾದರೆ ಕಡಿಯುವ ಥರ್ಮೋಸ್ಟಾಟ್. ಒಂದರ ಹಿಂದೆ ಒಂದು ಎರಡು ಸ್ಟಾರ್ಟ್, ಒಂದೊಂದು 15 ಸೆಕೆಂಡ್, ಆಮೇಲೆ ಅರ್ಧ ಗಂಟೆ ತಣ್ಣಗಾಗಲು ಬಿಡಿ ಅಂತ ಸುತ್ತಿದವರು ಹೇಳಿದರು.

ಕಾಂಟ್ಯಾಕ್ಟರ್, ಅಂದರೆ ಕರೆಂಟಿನಿಂದಲೇ ಕೂರುವ ಸ್ವಿಚ್, ಮೂರು. ಸುರುಳಿಯ ಕೆಳತುದಿಗಳನ್ನು ಕೂಡಿಸುವ ಸ್ಟಾರ್ ಕಾಂಟ್ಯಾಕ್ಟರ್ 110 ಆಂಪ್. ಸುರುಳಿಗೆ ಸಪ್ಲೈ ಕೊಡುವ ಲೈನ್ ಕಾಂಟ್ಯಾಕ್ಟರ್ 140. ಕೊನೆಗೆ ಮೋಟಾರನ್ನು ನೇರ ಸಪ್ಲೈಗೆ ಹಾಕುವ ರನ್ ಕಾಂಟ್ಯಾಕ್ಟರ್ 225. ಮೊದಲೆರಡು ಚಿಕ್ಕದಾದರೂ ನಡೆಯುತ್ತದೆ, ಕೆಲವೇ ಸೆಕೆಂಡಿನ ಕೆಲಸ. ಸ್ಟಾರ್‌ನಲ್ಲಿ ಹರಿಯುವುದು ಮೋಟಾರ್ ಕರೆಂಟಿನಿಂದ ಲೈನ್ ಕರೆಂಟ್ ಕಳೆದು ಉಳಿದದ್ದು ಮಾತ್ರ. ಸ್ಟಾರ್ ಮತ್ತು ರನ್ ನಡುವೆ ವೈರಿನ ಇಂಟರ್‌ಲಾಕ್ ಜೊತೆ ಯಾಂತ್ರಿಕ ಇಂಟರ್‌ಲಾಕ್ ಕೂಡ ಹಾಕಿದೆ. ಅವೆರಡೂ ಒಟ್ಟಿಗೆ ಕೂತರೆ ಸುರುಳಿಯ ಮೇಲ್ಭಾಗ ಶಾರ್ಟ್ ಆಗುತ್ತದೆ, ಟ್ರಾನ್ಸ್‌ಫಾರ್ಮರ್ ಅಲ್ಲೇ ಮುಗಿಯಿತು.

ಮೋಟಾರ್ ಕೇಬಲ್ ಕಟ್ಟುವ ಮೊದಲು ಸ್ಟಾರ್, ಲೈನ್ ಎರಡನ್ನೇ ಎಳೆಸಿ ಟ್ಯಾಪ್ ಅಳೆದೆ. ಸಪ್ಲೈ 412. ಟ್ಯಾಪ್‌ಗಳಲ್ಲಿ 330, 268, 206 ಬಂತು. ಮೂರೂ ಫೇಸ್ ಸರಿ. ಐದು ನಿಮಿಷದ ಕೆಲಸ, ತಪ್ಪಿಸಬೇಡಿ.

ಜನವರಿ 18: ಮೊದಲ ಸ್ಟಾರ್ಟ್, ಮೊದಲ ಸೋಲು

ಕಪ್ಲಿಂಗ್ ಮೇಲೆ ಬಿಳಿ ಪಟ್ಟಿ ಅಂಟಿಸಿ ಟ್ಯಾಕೋಮೀಟರ್ ಹಿಡಿಯಲು ಹುಡುಗನನ್ನು ಕೆಳಗೆ ನಿಲ್ಲಿಸಿದೆ. ನನ್ನ ಕೈಯಲ್ಲಿ ಕ್ಲಾಂಪ್ ಮೀಟರ್. ಚಿಕ್ಕ ಪಂಪ್ ಓಡುತ್ತಿತ್ತು, ಸಪ್ಲೈ 405. ಟ್ಯಾಪ್ 50, ಟೈಮರ್ 12 ಸೆಕೆಂಡ್.

ಹಸಿರು ಬಟನ್ ಒತ್ತಿದೆ. ಲೈನ್‌ನಲ್ಲಿ 300 ಆಂಪ್, ವೋಲ್ಟೇಜ್ 385. ಚಿಕ್ಕ ಪಂಪ್ ಅಲುಗಾಡಲಿಲ್ಲ. ಗೆದ್ದೆ ಅಂದುಕೊಂಡೆ. ಮೋಟಾರು ಏಳುತ್ತಾ ಬಂತು, ಆಮೇಲೆ ಅದರ ದನಿ ಏರುವುದು ನಿಂತಿತು. ಒಂದೇ ಸಮನೆ ಗುಂಯ್ ಅಂತ ಶಬ್ದ. ಕಾಕಾ ಕೆಳಗೆ ಬಗ್ಗಿ ನೋಡಿ, "ಏಳವಲ್ದು ತಮ್ಮಾ, ನರಳಾಕತ್ತೈತಿ" ಅಂದರು. ಹುಡುಗ 950 ಅಂತ ಕೂಗಿದ. ಅಷ್ಟರಲ್ಲಿ ಟೈಮರ್ ಬಂತು, ರನ್ ಕೂತಿತು. ಕ್ಲಾಂಪ್ ಮೀಟರ್ 900 ಮುಟ್ಟಿತು, ವೋಲ್ಟೇಜ್ 344ಕ್ಕೆ ಬಿತ್ತು, ಚಿಕ್ಕ ಪಂಪ್ ಟ್ರಿಪ್.

ಅಂದರೆ ಹಳೆಯ 80ರ ಟ್ಯಾಪ್‌ಗಿಂತ ಕೆಟ್ಟದ್ದನ್ನು ನಾನು ಮಾಡಿಟ್ಟಿದ್ದೆ.

ಆಗ ಮಾಡಿದ ಎರಡನೇ ತಪ್ಪು ಇನ್ನೂ ದಡ್ಡತನದ್ದು. ಸಮಯ ಸಾಲದು ಅಂದುಕೊಂಡು ಟೈಮರ್ 25 ಸೆಕೆಂಡಿಗೆ ತಿರುಗಿಸಿದೆ. ಮತ್ತೆ 950, ಅಲ್ಲೇ ನಿಂತಿತು. 25 ಸೆಕೆಂಡ್ ನರಳಿದರೂ 951 ಆಗಲಿಲ್ಲ. ಇನ್ನೊಂದು ಸಲ ಒತ್ತಿದಾಗ ಥರ್ಮೋಸ್ಟಾಟ್ ಕಡಿಯಿತು. ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಮುಚ್ಚಿ ಚಹಾ ಕುಡಿಯಲು ಹೋದೆವು.

ಚಹಾದ ಅಂಗಡಿಯಲ್ಲೇ ಲೆಕ್ಕ ಬರೆದೆ. 50ರ ಟ್ಯಾಪ್‌ನಲ್ಲಿ ಟಾರ್ಕ್ ಕಾಲು ಭಾಗ. ವೋಲ್ಟೇಜ್ 415 ಅಲ್ಲ, 385ಕ್ಕೆ ಕುಸಿದಿದೆ. ಅದರ ವರ್ಗ ಹಾಕಿದರೆ ಉಳಿಯುವುದು ಶೇ 21.5. ದಾರಿಯಲ್ಲಿ ಸಿಗುವ ಅತಿ ಹೆಚ್ಚು ಟಾರ್ಕ್ ಎರಡೂವರೆ ಪಟ್ಟು ಅಂದೆನಲ್ಲ, ಅದನ್ನು ಇದರಿಂದ ಗುಣಿಸಿದರೆ ಪೂರ್ಣ ಲೋಡಿನ ಶೇ 54. ಇದಕ್ಕಿಂತ ಒಂದು ಚೂರೂ ಹೆಚ್ಚು ಈ ಮೋಟಾರು ಕೊಡಲಾರದು.

ಪಂಪ್ ಎಷ್ಟು ಕೇಳುತ್ತಿತ್ತು? ನಿಂತಾಗ ಏನೂ ಇಲ್ಲ, ಸರಿ. ಆದರೆ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತಾ ಹೋಗುತ್ತದೆ. ಅವತ್ತು ಮೇಲಿನ ಪೈಪ್‌ಲೈನ್ ಪೂರ್ತಿ ಖಾಲಿ ಇತ್ತು. ನಾನ್ ರಿಟರ್ನ್ ವಾಲ್ವಿನ ಮುಚ್ಚಳ ಸೋರುತ್ತದೆ, ವಾರವೆಲ್ಲ ನಿಂತು ನೀರು ಇಳಿದುಹೋಗಿತ್ತು. ಗೇಟ್ ವಾಲ್ವ್ ಪೂರ್ತಿ ತೆರೆದಿತ್ತು. ಎದುರು ಒತ್ತಡವೇ ಇಲ್ಲದ ಖಾಲಿ ಪೈಪಿಗೆ ಪಂಪ್ ಬೇಕಾಬಿಟ್ಟಿ ನೀರು ತಳ್ಳುತ್ತದೆ, ಶಾಫ್ಟ್ ಮೇಲೆ ಭಾರ ಜಾಸ್ತಿ. ಪೂರ್ಣ ವೇಗಕ್ಕೆ ಶೇ 95ರ ಹತ್ತಿರ ಕೇಳುತ್ತದೆ. 54 ಕೊಡುವವನು 95 ಕೇಳುವವನನ್ನು ಎಳೆಯಲಾರ. ಎರಡೂ ಸಮ ಆಗುವ ವೇಗ 950, ಅಲ್ಲೇ ನಿಂತಿತು. ಟೈಮರ್ ಎಷ್ಟು ಕೊಟ್ಟರೂ ಅಷ್ಟೇ.

ಅಷ್ಟು ಕಡಿಮೆ ವೇಗದಲ್ಲಿ ರನ್‌ಗೆ ಹಾಕಿದರೆ ನೇರ ಸ್ಟಾರ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಈ ಥರದ ಕೇಜ್ ಮೋಟಾರಿನ ಕರೆಂಟ್ ಶೇ 80-85ರ ವೇಗದ ತನಕ ದೊಡ್ಡದಾಗೇ ಇರುತ್ತದೆ, ಆಮೇಲೆ ಧಡ್ ಅಂತ ಇಳಿಯುತ್ತದೆ. ಟ್ಯಾಪ್ ಆರಿಸುವಾಗ ನಾನು ಬಟನ್ ಒತ್ತಿದ ಕ್ಷಣದ ಕರೆಂಟ್ ನೋಡಿದ್ದೆ. ನೋಡಬೇಕಾದದ್ದು ಬದಲಾಗುವ ಕ್ಷಣದ ವೇಗ.

ಜನವರಿ 19: 65ರ ಟ್ಯಾಪ್, ಮತ್ತು ಒಂದು ಪೆದ್ದುತನ

ಬೆಳಿಗ್ಗೆ ಮೇನ್ ತೆಗೆದು ಬೀಗ ಹಾಕಿ, ಮೂರೂ ಫೇಸ್‌ನ ಲಗ್ ಬಿಚ್ಚಿ 65ಕ್ಕೆ ಕಟ್ಟಿದೆ. ಬಟನ್ ಒತ್ತಿದ ಕೂಡಲೇ ಮೋಟಾರು ಬೇರೆಯೇ ಥರ ಗೊರಗುಟ್ಟಿತು, ಕಾಲ ಕೆಳಗಿನ ಕಾಂಕ್ರೀಟು ಅದುರಿತು. ಎರಡು ಸೆಕೆಂಡಿಗೆ ಕೆಂಪು ಬಟನ್ ಒತ್ತಿದೆ. ಮೂರು ಲೈನ್ ಕರೆಂಟ್ ಮೂರು ಥರ. ಹಿಂದೆ ನೋಡಿದರೆ ಬಿ ಫೇಸ್‌ನ ಲಗ್ ಇನ್ನೂ 50ರಲ್ಲೇ ಕೂತಿತ್ತು. ಬೋಲ್ಟ್ ಬಿಗಿ ಮಾಡಿದ್ದು ನಾನೇ, ಜಾಗ ಬದಲಾಯಿಸದೆ. ಮೊನ್ನೆ ಮಾಡಿದ್ದ ಐದು ನಿಮಿಷದ ಅಳತೆ ಇವತ್ತು ಬಿಟ್ಟದ್ದರ ಫಲ.

ಸರಿ ಮಾಡಿ, ವಾಲ್ವ್ ತೆರೆದೇ ಸ್ಟಾರ್ಟ್ ಮಾಡಿದೆ. ಲೈನ್‌ನಲ್ಲಿ 485 ಆಂಪ್, ವೋಲ್ಟೇಜ್ 372. ಲೆಕ್ಕದ 522 ಬರಲಿಲ್ಲ, ಯಾಕಂದರೆ ವೋಲ್ಟೇಜ್ ಕುಸಿದಷ್ಟೂ ಕರೆಂಟ್ ಕೂಡ ಕಡಿಮೆ. ಟ್ರಾನ್ಸ್‌ಫಾರ್ಮರ್ ತನಗೇ ಎಳೆಯುವ ಕರೆಂಟ್ ಸ್ವಲ್ಪ ಅದಕ್ಕೆ ಸೇರಿರುತ್ತದೆ. ಮೋಟಾರು 1,380ಕ್ಕೆ ನಿಂತಿತು. ಬದಲಾಗುವಾಗ 680 ಆಂಪ್. ಚಿಕ್ಕ ಪಂಪ್ ಉಳಿಯಿತು.

ಆಮೇಲೆ ವಾಲ್ವ್ ಪೂರ್ತಿ ಮುಚ್ಚಿ ಮಾಡಿದೆ. ಏಳು ಸೆಕೆಂಡಿಗೆ 1,460. ದನಿಯೇ ಹೇಳುತ್ತಿತ್ತು: ಏರಿ ಏರಿ ಮೇಲೆ ಹೋಗಿ ಹಗುರಾಯಿತು. ಕ್ಲಾಂಪ್ ಮೀಟರಿನ ಅಂಕಿಯೂ ಕೊನೆಯ ಸೆಕೆಂಡಿನಲ್ಲಿ ಸರಸರ ಇಳಿಯಿತು. ಬದಲಾಯಿಸಲು ತಯಾರು ಅನ್ನುವ ಗುರುತು ಅದೇ, ಟ್ಯಾಕೋಮೀಟರ್ ಇಲ್ಲದಿದ್ದರೂ ಗೊತ್ತಾಗುತ್ತದೆ.

ಹಠಕ್ಕೆ ಬಿದ್ದು, ವಾಲ್ವ್ ಮುಚ್ಚಿ 50ರ ಟ್ಯಾಪ್ ಕೂಡ ಇನ್ನೊಮ್ಮೆ ನೋಡಿದೆ. ಎದ್ದಿತು! 14 ಸೆಕೆಂಡಿಗೆ 1,430. ಮುಚ್ಚಿದ ವಾಲ್ವಿನಲ್ಲಿ ಈ ಪಂಪ್ ಕೇಳುವುದು ಶೇ 45ರಷ್ಟು, 54ರ ಒಳಗೆ ಬಂತು. ಸಂಜೆ ಸಪ್ಲೈ 388 ಇದ್ದಾಗ ಅದೇ 19 ಸೆಕೆಂಡ್ ತೆಗೆದುಕೊಂಡು 1,410ಕ್ಕೆ ಬಂತು. ಅಂದರೆ ಆಗುತ್ತದೆ, ಆದರೆ ಕೈಯಲ್ಲಿ ಏನೂ ಉಳಿಯಲ್ಲ. ವಾಲ್ವ್ ನಾಲ್ಕು ಸುತ್ತು ತೆರೆದಿದ್ದರೂ, ಗ್ಲ್ಯಾಂಡ್ ಹೊಸದಾಗಿ ಬಿಗಿ ಮಾಡಿದ್ದರೂ ನಿಲ್ಲಬಹುದು. ಟ್ರಾನ್ಸ್‌ಫಾರ್ಮರಿಗೆ ಹೇಳಿದ 15 ಸೆಕೆಂಡ್ ಕೂಡ ಮೀರಿತು. 65ಕ್ಕೇ ಬಂದು ನಿಂತೆ.

ಈ ವಾಲ್ವ್ ಮುಚ್ಚುವ ಮಾತು ಸೆಂಟ್ರಿಫ್ಯೂಗಲ್ ಪಂಪಿಗೆ ಮಾತ್ರ. ಪ್ರೊಪೆಲ್ಲರ್ ಥರದ ಪಂಪ್ ಇದ್ದರೆ ಉಲ್ಟಾ, ಮುಚ್ಚಿದಾಗಲೇ ಭಾರ ಜಾಸ್ತಿ.

ಜನವರಿ 20: ಕಾರಣ ತಿಳಿಯದ ಟ್ರಿಪ್

ಟೈಮರ್ 10 ಸೆಕೆಂಡಿಗೆ ಇಟ್ಟು, ನಡುವೆ ಅರ್ಧರ್ಧ ಗಂಟೆ ಬಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಮೂರು ಸ್ಟಾರ್ಟ್ ಚೆನ್ನಾಗಿ ಆಯಿತು. ನಾಲ್ಕನೆಯದರಲ್ಲಿ, ಬದಲಾಗುವಾಗ ಢಬ್ ಅಂತ ಶಬ್ದ, ಪ್ಯಾನೆಲ್‌ನ ಬ್ರೇಕರ್, ಅಂದರೆ ಎಂಸಿಸಿಬಿ ಟ್ರಿಪ್. ಮತ್ತೆ ಎರಡು ಸರಿ, ಆಮೇಲೆ ಇನ್ನೊಂದು ಟ್ರಿಪ್. ವೇಗ ಅದೇ 1,460, ವೋಲ್ಟೇಜ್ ಅದೇ, ವಾಲ್ವ್ ಮುಚ್ಚಿದೆ. ಎಂಸಿಸಿಬಿಯ ತಕ್ಷಣ ಟ್ರಿಪ್ ಆಗುವ ಸೆಟ್ಟಿಂಗ್ 1,500 ಆಂಪ್, ಕ್ಲಾಂಪ್ ಮೀಟರ್ ತೋರಿಸುವುದು 700. ಮೀಟರ್ ಸುಳ್ಳು ಹೇಳುತ್ತಿರಲಿಲ್ಲ, ಅಷ್ಟು ಚಿಕ್ಕ ಹೊಡೆತ ಹಿಡಿಯಲು ಅದಕ್ಕೆ ವೇಗ ಸಾಲದು.

ಎಲ್ಲ ಒಂದೇ ಇದ್ದು ಒಮ್ಮೊಮ್ಮೆ ಮಾತ್ರ ಆಗುತ್ತದೆ ಅಂದರೆ ಅದೃಷ್ಟದ ಆಟ ಎಲ್ಲೋ ಇರಬೇಕು. ಇದ್ದದ್ದು ನನ್ನ ವೈರಿಂಗ್‌ನಲ್ಲಿ. ಟೈಮರಿನ ಒಂದೇ ಕಾಂಟ್ಯಾಕ್ಟ್‌ನಿಂದ ಸ್ಟಾರ್, ಲೈನ್ ಎರಡನ್ನೂ ಒಟ್ಟಿಗೆ ಬೀಳಿಸಿ, ಆಮೇಲೆ ರನ್ ಎಳೆಸಿದ್ದೆ. ನಡುವೆ ಒಂದು ಕ್ಷಣ ಮೋಟಾರಿಗೆ ಸಪ್ಲೈಯೇ ಇಲ್ಲ. ಆದರೆ ತಿರುಗುತ್ತಿರುವ ರೋಟರಿನಲ್ಲಿ ಕಾಂತ ಇನ್ನೂ ಸತ್ತಿರಲ್ಲ, ಮೋಟಾರು ತಾನೇ ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ವೇಗ ಇಳಿಯುತ್ತಾ ಅದು ಸಪ್ಲೈಗೆ ಹಿಂದೆ ಬೀಳುತ್ತದೆ. ರನ್ ಕೂರುವ ಹೊತ್ತಿಗೆ ಎರಡೂ ಹೊಂದಿದ್ದರೆ ಸದ್ದಿಲ್ಲ. ಎದುರುಬದುರು ಆಗಿದ್ದರೆ ಹೊಡೆತ. ಹಳೆಯ ಎಣ್ಣೆ ಸ್ಟಾರ್ಟರಿನ ರನ್ ಕಡೆ ಕಾಂಟ್ಯಾಕ್ಟ್‌ಗಳು ತಿಂದುಹೋಗಿದ್ದಕ್ಕೂ ಇದೇ ಕಾರಣ ಇರಬೇಕು, ಅದೂ ನಡುವೆ ಬಿಡಿಸಿಯೇ ಬದಲಾಗುತ್ತಿತ್ತು.

ಪರಿಹಾರಕ್ಕೆ ಕಾರ್ನ್‌ಡಾರ್ಫರ್ ಜೋಡಣೆ ಅಂತ ಹೆಸರಿದೆ. ಮಾಡಿದ್ದು ಒಂದು ವೈರು ಬದಲಾಯಿಸಿದ್ದು ಅಷ್ಟೇ. ಟೈಮರ್ ಈಗ ಸ್ಟಾರ್ ಒಂದನ್ನೇ ಬೀಳಿಸುತ್ತದೆ. ಲೈನ್ ಹಿಡಿದುಕೊಂಡೇ ಇರುತ್ತದೆ. ಆ ಕ್ಷಣ ಸುರುಳಿಯ ಮೇಲ್ಭಾಗ ಮೋಟಾರಿಗೆ ಸರಣಿಯಲ್ಲಿ ಕೂತ ಚೋಕ್ ಥರ ಕೆಲಸ ಮಾಡುತ್ತದೆ, ಸಪ್ಲೈ ಎಲ್ಲೂ ಕಡಿಯಲ್ಲ. ಸ್ಟಾರ್ ಬಿದ್ದದ್ದು ಖಚಿತ ಆದ ಮೇಲೆ ಅದರ ಸಹಾಯಕ ಕಾಂಟ್ಯಾಕ್ಟ್ ರನ್ ಎಳೆಸುತ್ತದೆ. ರನ್ ಕೂತ ಮೇಲೆ ರನ್‌ನ ಕಾಂಟ್ಯಾಕ್ಟೇ ಲೈನ್ ಬೀಳಿಸುತ್ತದೆ. ನಡುವಿನ ಹಂತ ಕ್ಷಣಮಾತ್ರ ಇರಬೇಕು, ಅಲ್ಲಿ ಬೇರೆ ಟೈಮರ್ ಹಾಕಿ ಎಳೆಯಬಾರದು.

ಮರುದಿನವೂ ಸೇರಿ ಹನ್ನೊಂದು ಸ್ಟಾರ್ಟ್, ಒಂದೂ ಟ್ರಿಪ್ ಇಲ್ಲ. ಬದಲಾಗುವಾಗ ಮೀಟರ್ 400 ತೋರಿಸುತ್ತದೆ, ಢಬ್ ಹೋಗಿ ಬರೀ ಕಾಂಟ್ಯಾಕ್ಟರ್‌ಗಳ ಟಕ್ ಟಕ್.

ಜನವರಿ 21: ಉಳಿದದ್ದು, ಖರ್ಚು

ಗೇಟ್ ವಾಲ್ವಿನ ಸ್ಪಿಂಡಲ್ ಹತ್ತಿರ ಲಿಮಿಟ್ ಸ್ವಿಚ್ ಹಾಕಿದೆ. ವಾಲ್ವ್ ಪೂರ್ತಿ ಮುಚ್ಚದೆ ಸ್ಟಾರ್ಟ್ ಬಟನ್ ಕೆಲಸ ಮಾಡಲ್ಲ. ಕಾಕಾಗೆ ಇದು ಅಷ್ಟು ಹಿಡಿಸಲಿಲ್ಲ. "ಮುಚ್ಚೂದು, ತಗಿಯೂದು, ದಿನಾ ಇದ ಆತಲ್ಲೋ" ಅಂದರು. ಆದರೆ ಚಿಕ್ಕ ಪಂಪಿನ ಹತ್ತಿರ ಓಡುವುದು ತಪ್ಪಿತು ಅಂತ ಒಪ್ಪಿದರು. ಎದ್ದ ಮೇಲೆ ಒಂದು ನಿಮಿಷದೊಳಗೆ ವಾಲ್ವ್ ತೆರೆಯಲು ಶುರು ಮಾಡಿ, ಇಲ್ಲದಿದ್ದರೆ ಪಂಪಿನೊಳಗಿನ ನೀರು ಕಾಯುತ್ತದೆ ಅಂತ ಗೋಡೆ ಮೇಲೆ ಬರೆಸಿದ್ದೇನೆ. ತೆರೆದ ಮೇಲೆ ಮೋಟಾರು 172 ಆಂಪ್‌ನಲ್ಲಿ ಓಡುತ್ತದೆ.

ಖರ್ಚು: ಟ್ರಾನ್ಸ್‌ಫಾರ್ಮರ್ 58,000. ರನ್ ಕಾಂಟ್ಯಾಕ್ಟರ್ 19,500. ಉಳಿದ ಎರಡು ಸೇರಿ 17,000. ಟೈಮರ್, ಇಂಟರ್‌ಲಾಕ್, ಲಿಮಿಟ್ ಸ್ವಿಚ್ 4,300. ಲಗ್, ಬಸ್‌ಬಾರ್, ವೈರು 6,200. ಒಟ್ಟು 1,05,000 ರೂಪಾಯಿ, ಕೂಲಿ ಬೇರೆ. ಪೆಟ್ಟಿಗೆ ಹಳೆಯದೇ. ಹಳೆಯ ಸುರುಳಿಯ ತಾಮ್ರ ಮಾರಿ 11,000 ವಾಪಸ್ ಬಂತು.

ಒಂದು ಮಿತಿ ಉಳಿದಿದೆ. 65ರ ಟ್ಯಾಪ್‌ನಲ್ಲಿ ಸ್ಟಾರ್ಟ್ ಆಗುವಾಗ ವೋಲ್ಟೇಜ್ ಸುಮಾರು 30 ಬೀಳುತ್ತದೆ. ಸಪ್ಲೈ 380ಕ್ಕಿಂತ ಕೆಳಗಿದ್ದರೆ ಚಿಕ್ಕ ಪಂಪಿನ ರಿಲೇ 350 ಮುಟ್ಟಿ ಟ್ರಿಪ್ ಆಗುತ್ತದೆ. ಅಂಥ ಸಂಜೆ ಹಳೆಯ ರೂಢಿಯೇ, ಚಿಕ್ಕದನ್ನು ಮೊದಲು ಬಂದ್ ಮಾಡಬೇಕು. ವೋಲ್ಟ್ ಮೀಟರಿನ ಗಾಜಿನ ಮೇಲೆ 380ರ ಹತ್ತಿರ ಕೆಂಪು ಗೆರೆ ಎಳೆದು ಬಂದಿದ್ದೇನೆ. ಸೋರುವ ನಾನ್ ರಿಟರ್ನ್ ವಾಲ್ವ್ ಇನ್ನೂ ಹಾಗೇ ಇದೆ, ಅದು ಫಿಟ್ಟರ್ ಬಂದಾಗ.